ಇಮೇಲ್‌ಗೆ ಮೊದಲು ಒಂದು ವಾಕ್ಯ, ಅದಕ್ಕೂ ಮೊದಲು ಒಬ್ಬ ಗ್ರಾಹಕ

ಪ್ರಶ್ನೆ: ಸರ್, ನಾವಿಬ್ಬರು ಗೆಳೆಯರು ಉಡುಪಿಯಲ್ಲಿ ಒಂದು ಸಣ್ಣ ಕಂಪನಿ ಮಾಡಿಕೊಂಡಿದ್ದೇವೆ. ಕೋಲ್ಡ್ ರೂಮ್‌ನ ಉಷ್ಣತೆ ಅಳೆದು ಮೊಬೈಲ್‌ಗೆ ತಿಳಿಸುವ ಸಾಧನ ನಮ್ಮದು. ಪರಿಚಯದವರ ಮೂಲಕ ಈವರೆಗೆ 11 ಕಡೆ ಹಾಕಿದ್ದೇವೆ. ಕಳೆದ ತಿಂಗಳು 220 ಕಂಪನಿಗಳಿಗೆ ಇಮೇಲ್ ಕಳಿಸಿದೆವು. ಮೂರು ಉತ್ತರ ಬಂತು, ಮೂವರೂ ಬ್ರೋಷರ್ ಕೇಳಿ ಸುಮ್ಮನಾದರು. ಇಮೇಲ್ ಹೇಗೆ ಬರೆಯಬೇಕು, ಸಬ್ಜೆಕ್ಟ್ ಏನು ಹಾಕಬೇಕು, ದಯವಿಟ್ಟು ತಿಳಿಸಿ. ನಾವು ಕಳಿಸಿದ್ದನ್ನು ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಇಮೇಲನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ತಪ್ಪುಗಳಿಲ್ಲ. ಎರಡನೇ ಸಲ ಓದುವಾಗ ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ: ಇದನ್ನು ಯಾರಿಗೆ ಬರೆದಿದ್ದಾರೆ? ಮಲ್ಪೆಯ ಮೀನು ವ್ಯಾಪಾರಿಗೋ, ಕಂಕನಾಡಿಯ ಔಷಧ ವಿತರಕರಿಗೋ, ಹೋಟೆಲಿನ ಅಡುಗೆಮನೆಗೋ? ಕೊನೆಯ ಸಾಲು ಮುಗಿದರೂ ನನಗೆ ಗೊತ್ತಾಗಲಿಲ್ಲ. ಹಾಗಾಗಿ ಇಮೇಲನ್ನು ಬದಿಗಿಟ್ಟು ನಿಮ್ಮ ಹನ್ನೊಂದು ಗ್ರಾಹಕರ ವಿವರ ತರಿಸಿಕೊಂಡೆ. ದಿನಾಂಕಗಳ ಸಮೇತ ಅಂದೇ ಕಳಿಸಿದಿರಿ. ನನ್ನ ಉತ್ತರ ಪೂರ್ತಿ ನಿಂತಿರುವುದು ಆ ಪಟ್ಟಿಯ ಮೇಲೆ.

ಪ್ರತಿಯೊಬ್ಬ ಗ್ರಾಹಕರ ಮುಂದೆ ಐದು ಸಂಗತಿ ಬರೆಯಲು ಕೇಳಿದ್ದೆ. ನಿಮ್ಮ ಬಗ್ಗೆ ಅವರಿಗೆ ಯಾರು ಹೇಳಿದರು, ಮೊದಲ ಮಾತಿನಿಂದ ಹಣ ಕೈಗೆ ಬರಲು ಎಷ್ಟು ದಿನ ಹಿಡಿಯಿತು, ‘ಹಾಕಿ’ ಎಂದು ಕೊನೆಗೆ ಹೇಳಿದವರು ಯಾರು, ಅದರ ಹಿಂದಿನ ಒಂದೆರಡು ತಿಂಗಳಲ್ಲಿ ಅವರಲ್ಲಿ ಏನಾಗಿತ್ತು, ಮತ್ತು ವರ್ಷ ಮುಗಿದಾಗ ಪುನಃ ಹಣ ಕಟ್ಟಿದರೇ. ಕಂಪನಿ ಎಷ್ಟು ದೊಡ್ಡದು, ಯಾವ ಉದ್ಯಮದ್ದು ಎಂಬುದನ್ನು ನಾನು ಮೊದಲಿಗೆ ಕೇಳುವುದಿಲ್ಲ. ಅವು ಪಟ್ಟಿಯಲ್ಲಿ ಸುಲಭವಾಗಿ ತುಂಬುವ ಅಂಕಣಗಳು. ಜನ ಯಾಕೆ ಕೊಂಡರು ಎಂಬುದನ್ನು ಹೇಳುವುದು ನಾಲ್ಕನೇ ಅಂಕಣ. ನೀವು ಅದನ್ನು ಆರು ಕಡೆ ಖಾಲಿ ಬಿಟ್ಟಿದ್ದಿರಿ. ನಾನು ಒತ್ತಾಯಿಸಿದ ಮೇಲೆ ಫೋನ್ ಮಾಡಿ ಕೇಳಿ ತುಂಬಿಸಿದಿರಿ. ಈ ಕೆಲಸದಲ್ಲಿ ನೀವು ಮಾಡಿದ ಅತಿ ಬೆಲೆಯ ಆರು ಕರೆಗಳು ಅವೇ.

ಈಗ ಪಟ್ಟಿ ಏನು ಹೇಳುತ್ತದೆ ನೋಡಿ.

ನಾಲ್ಕು ಮೀನಿನ ಕೋಲ್ಡ್ ಸ್ಟೋರೇಜ್‌ಗಳಿವೆ. ಅವರೇ ನಿಮ್ಮ ಮುಖ್ಯ ಗ್ರಾಹಕರು ಎಂದು ನೀವು ನಂಬಿದ್ದೀರಿ, ಯಾಕೆಂದರೆ ಅವರ ಕೋಣೆಗಳು ದೊಡ್ಡವು, ಬಿಲ್ಲೂ ದೊಡ್ಡದು. ಆದರೆ ಆ ನಾಲ್ವರು ‘ಸರಿ’ ಎನ್ನಲು ಎರಡರಿಂದ ನಾಲ್ಕು ತಿಂಗಳು ತೆಗೆದುಕೊಂಡರು. ಅಲ್ಲಿ ಕೋಣೆ ತಣ್ಣಗಿಡುವ ಅಮೋನಿಯಾ ಪ್ಲಾಂಟ್ ನೋಡಿಕೊಳ್ಳಲು ಪಾಳಿಯ ಮೇಲೆ ಆಪರೇಟರ್ ಇರುತ್ತಾನೆ. ಗಂಟೆಗೊಮ್ಮೆ ಪುಸ್ತಕದಲ್ಲಿ ಉಷ್ಣತೆ ಬರೆಯುವುದು ಅವನ ಕೆಲಸ. ನಿಮ್ಮ ಸಾಧನ ಅವನಿಗೆ ಕಾಣಿಸಿದ್ದು ತನ್ನ ಮೇಲೆ ಇಟ್ಟ ಕಣ್ಣಾಗಿ. ಒಂದು ಕಡೆ ಸೆನ್ಸರ್ ವೈರ್ ಎರಡು ಸಲ ‘ತಾನಾಗಿಯೇ’ ಕಳಚಿಕೊಂಡಿದ್ದು ಅದಕ್ಕೇ. ಮತ್ತೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನಗಳಲ್ಲಿ ಖಾಲಿಯಾದ ಕೋಣೆಗೆ ಯಾಕೆ ದುಡ್ಡು ಕಟ್ಟಬೇಕೆಂದು ಇಬ್ಬರು ನಿಲ್ಲಿಸಿದರು.

ಇಬ್ಬರು ಔಷಧ ವಿತರಕರು ಬೇಗ ಹಣ ಕೊಟ್ಟಿದ್ದಾರೆ. ಆದರೆ ಅವರು ಕೇಳಿದ್ದೇ ಬೇರೆ. ಅವರಿಗೆ ಬೇಕಿದ್ದದ್ದು ತಪಾಸಣೆಗೆ ಬಂದವರಿಗೆ ತೋರಿಸಲು ದಿನದಿನದ ದಾಖಲೆ ಮತ್ತು ಸೆನ್ಸರ್ ಸರಿಯಾಗಿ ಅಳೆಯುತ್ತದೆ ಎನ್ನುವ ಕ್ಯಾಲಿಬ್ರೇಶನ್ ಪ್ರಮಾಣಪತ್ರ. ಅಲರ್ಟ್ ಬಂತೋ ಇಲ್ಲವೋ ಅವರು ನೋಡಿಯೂ ಇಲ್ಲ. ಉಳಿದಂತೆ ಲ್ಯಾಬ್ ನಿಮ್ಮ ಗೆಳೆಯನದು, ಹೋಟೆಲ್ ಸಂಬಂಧಿಕರದು. ಪ್ರೀತಿಯಿಂದ ಕೊಂಡವರನ್ನು ಈ ಲೆಕ್ಕದಿಂದ ಹೊರಗಿಡಿ. ಅಂಥ ಇಬ್ಬರು ಸಾಕು, ಇಡೀ ಲೆಕ್ಕ ದಾರಿ ತಪ್ಪಲು.

ಉಳಿದವರು ಮೂವರು ಐಸ್‌ಕ್ರೀಂ ಸ್ಟಾಕಿಸ್ಟ್‌ಗಳು. ನೀವು ಅವರನ್ನು ‘ಸಣ್ಣ ಪಾರ್ಟಿ’ ಎಂದು ಪಟ್ಟಿಯ ಕೊನೆಗೆ ಹಾಕಿದ್ದಿರಿ. ಒಬ್ಬರು 9 ದಿನದಲ್ಲಿ ಹಣ ಕೊಟ್ಟರು, ಒಬ್ಬರು 12 ದಿನದಲ್ಲಿ, ಇನ್ನೊಬ್ಬರು 15 ದಿನದಲ್ಲಿ. ಮೂವರೂ ವರ್ಷ ಮುಗಿದಾಗ ನೀವು ನೆನಪಿಸುವ ಮೊದಲೇ ಕಟ್ಟಿದರು. ಮೂವರಿಗೂ ನಿಮ್ಮ ಬಗ್ಗೆ ಹೇಳಿದ್ದು ಒಬ್ಬನೇ ಕಂಪ್ರೆಸರ್ ಮೆಕ್ಯಾನಿಕ್. ನಾಲ್ಕನೇ ಅಂಕಣದಲ್ಲಿ ಮೂರು ಕಡೆಯೂ ಹೆಚ್ಚುಕಡಿಮೆ ಒಂದೇ ಕಥೆ: ರಾತ್ರಿ ಕರೆಂಟ್ ಹೋಯಿತು ಅಥವಾ ಕಂಪ್ರೆಸರ್ ಟ್ರಿಪ್ ಆಯಿತು, ಗೋದಾಮಿನಲ್ಲಿ ಯಾರೂ ಇರಲಿಲ್ಲ, ಬೆಳಿಗ್ಗೆ ಬಾಗಿಲು ತೆಗೆದಾಗ ಮಾಲು ಮೆತ್ತಗಾಗಿತ್ತು.

ಹನ್ನೊಂದರಲ್ಲಿ ಮೂರು ಎಂದರೆ ಸಣ್ಣ ಸಂಖ್ಯೆ ಎಂದು ನಿಮಗೆ ಅನ್ನಿಸಬಹುದು. ಶೇಕಡಾ ಲೆಕ್ಕಕ್ಕೆ ಅದು ಸಾಲದು, ನಿಜ. ಆದರೆ ನಾವಿಲ್ಲಿ ಶೇಕಡಾ ಹುಡುಕುತ್ತಿಲ್ಲ. ಒಂದೇ ಕಾರಣಕ್ಕೆ, ಒಂದೇ ವೇಗದಲ್ಲಿ, ಯಾರ ಮುಲಾಜೂ ಇಲ್ಲದೆ ಕೊಂಡವರನ್ನು ಹುಡುಕುತ್ತಿದ್ದೇವೆ. ಅಂಥ ಮೂವರು ಸಿಕ್ಕರೆ ಹಿಂದೆ ಕಾರಣ ಇದ್ದೇ ಇರುತ್ತದೆ. ಅದು ಯಾವುದೆಂದು ಬಿಡಿಸಿ ನೋಡಬೇಕು.

ಐಸ್‌ಕ್ರೀಂ ಇಡುವುದು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ. ಅದು ಪೂರ್ತಿ ನೀರಾಗಿ ಕರಗಬೇಕೆಂದಿಲ್ಲ. ಮೈನಸ್ 10ರ ಹತ್ತಿರ ಬಂದರೂ ಒಳಗಿನ ಸಣ್ಣ ಹರಳುಗಳು ಕರಗುತ್ತವೆ. ಮತ್ತೆ ತಣ್ಣಗಾದಾಗ ಅವು ದೊಡ್ಡ ಹರಳಾಗಿ ಕಟ್ಟಿಕೊಳ್ಳುತ್ತವೆ, ತಿಂದರೆ ನಾಲಿಗೆಗೆ ತರಿತರಿ. ಒಳಗಿನ ಗಾಳಿ ಹೋಗಿ ಕಪ್ಪಿನಲ್ಲಿ ಐಸ್‌ಕ್ರೀಂ ಕುಸಿದಿರುತ್ತದೆ. ಅಂಗಡಿಯವನು ವಾಪಸ್ ಕೊಡುತ್ತಾನೆ. ಕೋಲ್ಡ್ ರೂಮ್ ಕೈಕೊಟ್ಟು ಹಾಳಾದ ಮಾಲನ್ನು ಐಸ್‌ಕ್ರೀಂ ಕಂಪನಿಯವರು ಹಿಂದೆ ತೆಗೆದುಕೊಂಡಿದ್ದು ನಿಮ್ಮ ಮೂವರಲ್ಲಿ ಯಾರಿಗೂ ಆಗಿಲ್ಲ. ಅಂದರೆ ನಷ್ಟ ನೇರವಾಗಿ ಧಣಿಯ ಜೇಬಿನಿಂದ. ಇನ್ನು ನಮ್ಮ ಕರಾವಳಿಯಲ್ಲಿ ಐಸ್‌ಕ್ರೀಂ ಹೆಚ್ಚು ಹೋಗುವುದು ಮಾರ್ಚ್‌ನಿಂದ ಮೇ ತನಕ. ಸಿಡಿಲು, ಗಾಳಿ, ಲೈನಿನ ಮೇಲೆ ಮರ ಬಿದ್ದು ಮೆಸ್ಕಾಂನವರು ರಾತ್ರಿಯೆಲ್ಲಾ ಓಡಾಡುವುದೂ ಏಪ್ರಿಲ್, ಮೇ ತಿಂಗಳಲ್ಲೇ. ಗೋದಾಮು ಅತಿ ಹೆಚ್ಚು ತುಂಬಿರುವಾಗಲೇ ಕರೆಂಟಿನ ಭರವಸೆ ಅತಿ ಕಡಿಮೆ. ಮೀನಿನ ಸ್ಟೋರೇಜ್‌ಗೆ ಈ ಜೋಡಿ ಪೆಟ್ಟು ಇಲ್ಲ: ಮಳೆಗಾಲದ ಹೊತ್ತಿಗೆ ಅದು ಖಾಲಿ, ಉಳಿದ ದಿನ ಅಲ್ಲಿ ಮನುಷ್ಯ ಇದ್ದಾನೆ.

ಹೀಗೆ ಬಿಡಿಸಿದ ಮೇಲೆ ಗ್ರಾಹಕನ ಚಿತ್ರವನ್ನು ಬರೆಯಬಹುದು. ‘ಐಸ್‌ಕ್ರೀಂ ಉದ್ಯಮ’ ಎಂದು ಬರೆದರೆ ಕೆಲಸ ಆಗುವುದಿಲ್ಲ. ನಾನು ಬರೆಯುವುದು ಹೀಗೆ: ಸ್ವಂತ ಹಣದಿಂದ ಮಾಲು ಕೊಂಡು ಇಡುವ ಐಸ್‌ಕ್ರೀಂ ಅಥವಾ ಫ್ರೋಜನ್ ಆಹಾರದ ಸ್ಟಾಕಿಸ್ಟ್; ಒಂದರಿಂದ ಮೂರು ಕೋಲ್ಡ್ ರೂಮ್; ರಾತ್ರಿ ಗೋದಾಮಿನಲ್ಲಿ ಜನ ಇಲ್ಲ; ಮನೆ ಗೋದಾಮಿನಿಂದ ದೂರ; ಖರ್ಚಿಗೆ ‘ಸರಿ’ ಎನ್ನುವವರು ಒಬ್ಬರೇ. ಇದರ ಕೆಳಗೆ ಇನ್ನೊಂದು ಸಾಲು ಕಡ್ಡಾಯ, ಯಾರು ಬೇಡ ಎಂಬುದು. ರಾತ್ರಿ ಕಾವಲುಗಾರ ಇರುವವರು ಬೇಡ. ಗೋದಾಮಿನ ಮೇಲಿನ ಮಹಡಿಯಲ್ಲೇ ಮನೆ ಇರುವವರು ಬೇಡ, ಕಂಪ್ರೆಸರ್ ನಿಂತರೆ ಅವರಿಗೆ ನಿದ್ದೆಯಲ್ಲೇ ಗೊತ್ತಾಗುತ್ತದೆ. ಬರೀ ಡೀಪ್ ಫ್ರೀಜರ್ ಪೆಟ್ಟಿಗೆಗಳಿರುವ ಅಂಗಡಿಗಳು ಬೇಡ, ಅಲ್ಲಿ ಕೆಡುವ ಮಾಲಿಗಿಂತ ನಿಮ್ಮ ವರ್ಷದ ಶುಲ್ಕವೇ ಭಾರ. ಈ ‘ಬೇಡ’ ಬರೆಯುವಾಗ ಕೈ ಹಿಂಜರಿದರೆ ಸರಿಯಾದ ದಾರಿಯಲ್ಲಿದ್ದೀರಿ ಎಂದು ತಿಳಿಯಿರಿ. ಯಾರನ್ನೂ ಬಿಡದ ವಿವರಣೆಯಿಂದ ವಿಳಾಸಗಳ ಪಟ್ಟಿ ತಯಾರಿಸಲು ಆಗುವುದಿಲ್ಲ.

ವಿವರಣೆ ಸರಿಯಾಗಿದೆಯೇ ಎಂದು ತಿಳಿಯುವ ಬಗೆಯೂ ಅದೇ. ಅದನ್ನು ನಿಮ್ಮ ಮೆಕ್ಯಾನಿಕ್‌ಗೆ ಓದಿ ಹೇಳಿ. ಅವನು ಯೋಚಿಸದೆ ನಾಲ್ಕು ಹೆಸರು ಹೇಳಿದರೆ ವಿವರಣೆ ಗಟ್ಟಿ. ‘ಅಂಥವರು ತುಂಬ ಜನ ಇದ್ದಾರೆ ಮಾರಾಯ್ರೆ’ ಎಂದು ಬಿಟ್ಟರೆ ಇನ್ನೂ ಸಡಿಲ. ನೀವು ಕೇಳಿದಾಗ ಅವನು ಸುರತ್ಕಲ್, ಬಂಟ್ವಾಳ, ಕುಂದಾಪುರ ಎಂದು ಊರಿನ ಸಮೇತ ಆರು ಜನರನ್ನು ಹೇಳಿದನಂತೆ. ಸಾಕು.

ಆಮೇಲೆ ಎಣಿಸಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೇರಿ ನಿಮ್ಮ ಎಣಿಕೆಗೆ ಸಿಕ್ಕಿದ್ದು 37. ಇಷ್ಟು ಕಡಿಮೆಯೇ ಎಂದು ಬೇಸರದಲ್ಲಿ ಬರೆದಿದ್ದೀರಿ. ನನ್ನ ಅಭಿಪ್ರಾಯ ಖಂಡಿತವಾಗಿದೆ: ಈ 37 ಜನರಲ್ಲಿ ಸ್ಕೂಟರ್‌ನಲ್ಲಿ ಹೋಗಿಬರುವ ದೂರದಲ್ಲಿರುವವರಿಗೆ ಇಮೇಲೇ ಬೇಡ, ಹೋಗಿ ಮಾತಾಡಿ. ಇಮೇಲ್ ಬೇಕಾಗುವುದು ಹೋಗಲಾಗದ ಊರುಗಳಿಗೆ. ಗೋವಾ, ಹುಬ್ಬಳ್ಳಿ, ಶಿವಮೊಗ್ಗ, ಕಣ್ಣೂರು, ಕೋಯಿಕ್ಕೋಡ್ ಕಡೆ ಇದೇ ಚಿತ್ರಕ್ಕೆ ಹೊಂದುವವರನ್ನು ಹುಡುಕಿ. 220ರ ಪಟ್ಟಿ ಒಂದೇ ಸಂಜೆಯಲ್ಲಿ ಆಗಿತ್ತು. ಈ ಸಲ 60 ಹೆಸರಿಗೆ ಎರಡು ವಾರ ಬೇಕಾದೀತು, ಬೇಕಾಗಲಿ.

ವಾಕ್ಯಕ್ಕೆ ಬರುವ ಮುಂಚೆ ಇನ್ನೊಂದು ಸಂಗತಿ. ನಿಮ್ಮ ಇಮೇಲನ್ನು ಮೊದಲು ತೆರೆಯುವವರು ಯಾರು? ಇಂಥ ಅನೇಕ ವ್ಯಾಪಾರಗಳಲ್ಲಿ ಹೊರಗೆ ಸಿಗುವ ವಿಳಾಸ ಜಿಎಸ್‌ಟಿ, ಬಿಲ್ಲು, ಬ್ಯಾಂಕಿಗೆಂದು ಮಾಡಿಟ್ಟದ್ದು. ಅದನ್ನು ತೆರೆಯುವುದು ಅಕೌಂಟ್ಸ್ ನೋಡುವ ಹುಡುಗಿ ಅಥವಾ ಧಣಿಯ ಮಗ. ಅವರು ಓದಿ, ಅಡ್ಡಹಾಯುವಾಗ ಧಣಿಗೆ ಬಾಯಿಮಾತಿನಲ್ಲಿ ಹೇಳುತ್ತಾರೆ: ‘ಯಾರೋ ಉಡುಪಿಯವರು ಮೇಲ್ ಮಾಡಿದ್ದಾರೆ, ಎಂತದೋ ಸ್ಮಾರ್ಟ್ ಸೊಲ್ಯೂಷನ್ ಅಂತೆ.’ ನಿಮ್ಮ 220 ಪ್ರಯತ್ನಗಳಲ್ಲಿ ಬಹುಪಾಲು ಆ ‘ಎಂತದೋ’ದಲ್ಲೇ ಮುಗಿದಿವೆ ಎಂದು ನಾನು ನಂಬುತ್ತೇನೆ. ಹಾಗಾಗಿ ನಿಮ್ಮ ಒಂದು ವಾಕ್ಯ ಇನ್ನೊಬ್ಬರ ಬಾಯಿಗೆ ಹೋಗಿಯೂ ಕೆಡದೆ ದಾಟಬೇಕು. ಕಾಗದದ ಮೇಲೆ ಚಂದ ಕಂಡರೆ ಸಾಲದು.

ನಿಮ್ಮ ಮೊದಲ ವಾಕ್ಯ ಹೀಗಿತ್ತು: ‘ನಾವು ಐಒಟಿ ಆಧಾರಿತ, ಕ್ಲೌಡ್ ಸಂಪರ್ಕಿತ ಸ್ಮಾರ್ಟ್ ತಾಪಮಾನ ನಿರ್ವಹಣಾ ಪರಿಹಾರಗಳನ್ನು ಒದಗಿಸುತ್ತೇವೆ.’ ನಿಮ್ಮ ಹೆಸರು ತೆಗೆದು ಬೆಂಗಳೂರಿನ ಯಾವುದೇ ಕಂಪನಿಯ ಹೆಸರು ಹಾಕಿ ನೋಡಿ. ಏನೂ ಬದಲಾಗುವುದಿಲ್ಲ. ಅದು ನಿಮ್ಮ ವಾಕ್ಯವೇ ಅಲ್ಲ.

ನಾನು ತಿದ್ದಲು ಹೇಳಿದಾಗ ಎರಡನೆಯದು ಬಂತು: ‘ನಿಮ್ಮ ಕೋಲ್ಡ್ ರೂಮ್‌ನ ಉಷ್ಣತೆಯನ್ನು 24 ಗಂಟೆ ಮೊಬೈಲ್‌ನಲ್ಲೇ ನೋಡಬಹುದು.’ ಮಾತು ನೆಲಕ್ಕೆ ಇಳಿಯಿತು. ಆದರೆ ನೋಡಬೇಕಾದವನು ಅವನೇ ಆದ. ದಿನವಿಡೀ ಅಂಗಡಿ ಅಂಗಡಿಗೆ ಮಾಲು ಹಾಕುವ ಲೈನ್ ಸೇಲ್ ಮುಗಿಸಿ ಬಂದ ಮನುಷ್ಯ ರಾತ್ರಿ ಎರಡಕ್ಕೆ ಎದ್ದು ಗ್ರಾಫ್ ನೋಡುತ್ತಾನೆಯೇ? ನೀವು ಅವನಿಗೆ ಇನ್ನೊಂದು ಕೆಲಸ ಕೊಟ್ಟಿರಿ.

ಮೂರನೆಯದು: ‘ಕರೆಂಟ್ ಹೋದ ತಕ್ಷಣ ನಿಮಗೆ ಅಲರ್ಟ್ ಬರುತ್ತದೆ.’ ಇದನ್ನು ಹಿಡಿದುಕೊಂಡು ಮಂಗಳೂರಿನ ಒಬ್ಬ ಸ್ಟಾಕಿಸ್ಟ್ ಬಳಿ ಹೋದಿರಿ. ‘ನಮ್ಮಲ್ಲಿ ಜನರೇಟರ್ ಉಂಟಲ್ಲ, ಇದೆಂತಕ್ಕೆ?’ ಎಂದರು. ಅವರ ಮಾತು ಸರಿ. ಅವರ ಭಯ ಕರೆಂಟ್ ಹೋಗುವುದಲ್ಲ. ಕರೆಂಟ್ ಹೋಗಿ, ಜನರೇಟರ್ ಚಾಲೂ ಆಗದೆ ಇರುವುದು. ಕರೆಂಟ್ ಬಂದರೂ ಕಂಪ್ರೆಸರ್ ಟ್ರಿಪ್ ಆಗಿಯೇ ಉಳಿಯುವುದು. ಬಾಗಿಲು ಸರಿಯಾಗಿ ಮುಚ್ಚದೆ ಹುಡುಗ ಮನೆಗೆ ಹೋಗಿರುವುದು. ಕಾರಣ ಹಲವು, ಅವರಿಗೆ ಬೇಕಾದದ್ದು ಒಂದೇ: ಕೋಣೆ ಬಿಸಿಯಾಗುತ್ತಿದೆ ಎಂದು ಮಾಲು ಕೆಡುವ ಮುಂಚೆ ಗೊತ್ತಾಗಬೇಕು.

ಇಲ್ಲಿಗೆ ಬಂದಾಗ ನಿಮ್ಮ ಮೂವರಿಗೆ ಪುನಃ ಕರೆ ಮಾಡಿಸಿ ಒಂದು ಪ್ರಶ್ನೆ ಕೇಳಿಸಿದೆ: ಕಳೆದ ಸಲ ಕೋಣೆ ಬಿಸಿಯಾದಾಗ ನಿಮಗೆ ಗೊತ್ತಾದದ್ದು ಹೇಗೆ? ‘ನಮ್ಮ ಸಾಧನ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಏನೂ ಸಿಗುವುದಿಲ್ಲ. ನಡೆದ ಘಟನೆಯನ್ನು ಹೇಳಿಸಿದರೆ ಅವರದೇ ಮಾತು ಸಿಗುತ್ತದೆ. ಒಬ್ಬರು ಹೇಳಿದ್ದು: ‘ಮೆಸೇಜ್ ಬಂದಿತ್ತಂತೆ, ನನಗೆ ಗೊತ್ತಿಲ್ಲ. ಫೋನ್ ಬಡ್ಕೊಳ್ತಾ ಇತ್ತು, ನಾನು ಎತ್ತಲಿಲ್ಲ, ಮತ್ತೆ ಮಗನ ಫೋನ್ ಬಡ್ಕೊಂಡಿತು. ಅವ ಎದ್ದು ಮೆಕ್ಯಾನಿಕ್‌ನನ್ನು ಕರ್ಕೊಂಡು ಹೋದ.’

ಆ ಮಾತಿನಲ್ಲಿ ನಿಮ್ಮ ವಾಕ್ಯ ಇದೆ. ನೀವು ಸಾಧನದ ಪಟ್ಟಿಯಲ್ಲಿ ಏಳನೇ ಸಾಲಿಗೆ ತಳ್ಳಿದ್ದ ‘ವಾಯ್ಸ್ ಕಾಲ್’ ಸೌಲಭ್ಯವೇ ಅವರು ಹಣ ಕೊಟ್ಟ ಕಾರಣ. ಮೀನಿನವರಿಗೆ ನೀವು ಅದನ್ನು ಚಾಲೂ ಮಾಡಿಯೇ ಇರಲಿಲ್ಲ.

ಹೀಗೆ ನಾಲ್ಕನೆಯದು ಬಂತು: ‘ರಾತ್ರಿ ಜನ ಇಲ್ಲದ ಐಸ್‌ಕ್ರೀಂ ಗೋದಾಮಿನಲ್ಲಿ ಕೋಲ್ಡ್ ರೂಮ್ ಬಿಸಿಯಾಗತೊಡಗಿದ ಕೂಡಲೇ, ಯಾರಾದರೂ ಫೋನ್ ಎತ್ತುವವರೆಗೆ ನಿಮಗೆ, ನಿಮ್ಮ ಮನೆಯವರಿಗೆ, ಮೆಕ್ಯಾನಿಕ್‌ಗೆ ಒಬ್ಬರಾದ ಮೇಲೊಬ್ಬರಿಗೆ ಕರೆ ಹೋಗುತ್ತದೆ.’

ಇದು ಒಳ್ಳೆಯದು. ಆದರೆ ವಾಕ್ಯ ಚೆನ್ನಾದಷ್ಟೂ ಅದು ನಿಜವೇ ಎಂದು ಪರೀಕ್ಷಿಸುವ ಹೊಣೆ ಹೆಚ್ಚು. ನಾನು ಎರಡು ಕಡೆ ತಡೆದೆ. ಮೊದಲನೆಯದು ‘ಕೂಡಲೇ’. ಕೋಲ್ಡ್ ರೂಮ್ ದಿನಕ್ಕೆ ಕೆಲವು ಸಲ ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸಲು ತಾನೇ ಡಿಫ್ರಾಸ್ಟ್ ಆಗುತ್ತದೆ. ಆ ಹೊತ್ತಿಗೆ ಒಳಗಿನ ಗಾಳಿ ಸ್ವಲ್ಪ ಬಿಸಿಯಾಗಿ ಮತ್ತೆ ಇಳಿಯುತ್ತದೆ, ಮಾಲಿಗೆ ಏನೂ ಆಗುವುದಿಲ್ಲ. ಲೋಡ್ ಮಾಡಲು ಬಾಗಿಲು ತೆಗೆದಿಟ್ಟಾಗಲೂ ಹಾಗೆಯೇ. ಪ್ರತಿ ಸಲವೂ ಕರೆ ಹೋದರೆ ಮೂರನೇ ರಾತ್ರಿ ಅವರು ನಿಮ್ಮ ನಂಬರನ್ನೇ ಬ್ಲಾಕ್ ಮಾಡುತ್ತಾರೆ. ಅದಕ್ಕೇ ನೀವು ಅರ್ಧ ಗಂಟೆ ಕಾದು ಕರೆ ಮಾಡುವ ಹಾಗೆ ಇಟ್ಟಿದ್ದೀರಿ. ಹಾಗಾದರೆ ವಾಕ್ಯವೂ ಅದನ್ನೇ ಹೇಳಲಿ. ಅರ್ಧ ಗಂಟೆ ತಡವಾದರೆ ಮಾಲು ಉಳಿಯುತ್ತದೆಯೇ? ನಿಮ್ಮ ಲಾಗ್ ತೆಗೆಸಿ ನೋಡಿದೆ. ಕಂಕನಾಡಿಯ ಐಸ್‌ಕ್ರೀಂ ಗೋದಾಮಿನಲ್ಲಿ ಕಂಪ್ರೆಸರ್ ನಿಂತ ರಾತ್ರಿ 1.10ಕ್ಕೆ ಮೈನಸ್ 19 ಇದ್ದದ್ದು ಮೈನಸ್ 11ಕ್ಕೆ ಏರಿದ್ದು 4.40ಕ್ಕೆ. ತುಂಬಿದ ಕೋಣೆ ನಿಧಾನಕ್ಕೆ ಬಿಸಿಯಾಗುತ್ತದೆ. ಅರ್ಧ ಖಾಲಿ ಇದ್ದರೆ, ಬಾಗಿಲಿನ ರಬ್ಬರ್ ಸವೆದಿದ್ದರೆ ಬೇಗ. ಅಂತೂ ಅರ್ಧ ಗಂಟೆ ಕಾದರೂ ಅಲ್ಲಿ ಮೂರು ಗಂಟೆ ಉಳಿಯುತ್ತಿತ್ತು.

ಎರಡನೆಯದು ಇನ್ನೂ ಮುಖ್ಯ. ಕರೆಂಟ್ ಹೋದರೆ ಗೋದಾಮಿನ ವೈಫೈ ರೂಟರ್ ಕೂಡ ಹೋಗುತ್ತದೆ. ಆಗ ಕರೆ ಹೋಗುವುದು ಹೇಗೆ ಎಂದು ಕೇಳಿದೆ. ಹನ್ನೊಂದರಲ್ಲಿ ಐದು ಕಡೆ ನೀವು ಹಾಕಿದ್ದು ವೈಫೈ ಮಾದರಿ ಎಂದಿರಿ. ಅಂದರೆ ಆ ಐದು ಕಡೆ ಅತಿ ಬೇಕಾದ ರಾತ್ರಿಯೇ ಸಾಧನ ಮೂಕ. ಪುಣ್ಯಕ್ಕೆ ಮೂವರು ಐಸ್‌ಕ್ರೀಂನವರಲ್ಲಿ ಇರುವುದು ಸಿಮ್ ಮತ್ತು ಬ್ಯಾಟರಿ ಇರುವ ಮಾದರಿ. ಈ ವಾಕ್ಯವನ್ನು ಇಟ್ಟುಕೊಳ್ಳುವುದಾದರೆ ವೈಫೈ ಮಾದರಿ ಈ ಗ್ರಾಹಕರಿಗೆ ಮಾರಲೇಬಾರದು, ಬೆಲೆ ಕಡಿಮೆ ಎಂದು ಅವರೇ ಕೇಳಿದರೂ. ಇಮೇಲ್ ಬರೆಯಲು ಹೊರಟು ಸಾಧನದ ದೋಷ ಸಿಕ್ಕಿದ್ದು ಆಕಸ್ಮಿಕ ಅಲ್ಲ. ವಾಕ್ಯವನ್ನು ಅಕ್ಷರಶಃ ನಂಬಿದ ಗ್ರಾಹಕನ ಹಾಗೆ ಓದಿದರೆ ಎಲ್ಲಿ ಟೊಳ್ಳಿದೆ ಎಂದು ಕಾಣುತ್ತದೆ.

ತಿದ್ದಿದ ಮೇಲೆ ಉಳಿದದ್ದು: ‘ರಾತ್ರಿ ಜನ ಇಲ್ಲದ ಐಸ್‌ಕ್ರೀಂ ಗೋದಾಮಿನ ಕೋಲ್ಡ್ ರೂಮ್ ಅರ್ಧ ಗಂಟೆ ಬಿಸಿಯಾಗಿಯೇ ಇದ್ದರೆ, ಕರೆಂಟ್ ಇಲ್ಲದಿದ್ದರೂ, ಯಾರಾದರೂ ಎತ್ತುವವರೆಗೆ ನಿಮಗೆ, ಮನೆಯವರಿಗೆ, ಮೆಕ್ಯಾನಿಕ್‌ಗೆ ಫೋನ್ ಹೋಗುತ್ತಲೇ ಇರುತ್ತದೆ.’

ಉದ್ದವಾಯಿತೇ? ಬಾಯಲ್ಲಿ ಹೇಳಿ ನೋಡಿ, ಒಂದೇ ಉಸಿರಿಗೆ ಬರುತ್ತದೆ. ಇದರಲ್ಲಿ ಯಾರಿಗೆ, ಯಾವಾಗ, ಏನಾಗುತ್ತದೆ, ಉಳಿದವರಿಗಿಂತ ಏನು ಬೇರೆ ಎಂಬ ನಾಲ್ಕೂ ಇವೆ. ‘ನಷ್ಟ ತಪ್ಪಿಸುತ್ತೇವೆ’ ಎಂಬ ಮಾತು ಇಲ್ಲ, ಅದನ್ನು ಸೇರಿಸಲೂ ಬೇಡಿ. ಫೋನ್ ಹೋಗುವ ತನಕ ನಿಮ್ಮ ಕೈಯಲ್ಲಿದೆ. ಮೆಕ್ಯಾನಿಕ್ ಬರುವುದು, ಗ್ಯಾಸ್ ಇರುವುದು, ಜನರೇಟರ್‌ಗೆ ಡೀಸೆಲ್ ಇರುವುದು ನಿಮ್ಮ ಕೈಯಲ್ಲಿಲ್ಲ.

ಬಾಯಿಗೆ ದಾಟುತ್ತದೆಯೇ ಎಂದು ನೋಡಲು ಹೀಗೆ ಮಾಡಿ. ಈ ವ್ಯವಹಾರದ ಗಂಧಗಾಳಿ ಇಲ್ಲದ ಒಬ್ಬರಿಗೆ, ನಿಮ್ಮ ಚಿಕ್ಕಮ್ಮನಿಗಾದರೂ ಆದೀತು, ಒಮ್ಮೆ ಓದಿ ಹೇಳಿ. ಹತ್ತು ನಿಮಿಷ ಬೇರೆ ಮಾತಾಡಿ. ಆಮೇಲೆ ‘ನಾವು ಮಾಡುವುದೇನು’ ಎಂದು ಕೇಳಿ. ‘ರಾತ್ರಿ ಐಸ್‌ಕ್ರೀಂ ಕರಗುವ ಮೊದಲು ಫೋನ್ ಮಾಡ್ತೀರಿ’ ಎಂದರೆ ಅಕೌಂಟ್ಸ್‌ನ ಹುಡುಗಿಯೂ ಧಣಿಗೆ ಅದನ್ನೇ ಹೇಳುತ್ತಾಳೆ. ‘ಎಂತದೋ ಫ್ರಿಜ್‌ನದ್ದು’ ಎಂದರೆ ಪುನಃ ಕುಳಿತುಕೊಳ್ಳಿ.

ಇಷ್ಟಾದ ಮೇಲೆ ಇಮೇಲ್ ಹತ್ತು ನಿಮಿಷದ ಕೆಲಸ. ಸಬ್ಜೆಕ್ಟ್: ‘ರಾತ್ರಿ ಕೋಲ್ಡ್ ರೂಮ್ ನಿಂತರೆ ಗೊತ್ತಾಗುವುದು ಹೇಗೆ?’ ಮೊದಲ ಸಾಲಿನಲ್ಲಿ ಅವರಿಗೆ ಯಾಕೆ ಬರೆದಿರಿ ಎಂಬುದು: ‘ಹುಬ್ಬಳ್ಳಿಯಲ್ಲಿ ನಿಮ್ಮ ಐಸ್‌ಕ್ರೀಂ ಗೋದಾಮು ಇರುವುದು ತಿಳಿಯಿತು.’ ಎರಡನೆಯದು ಆ ವಾಕ್ಯ. ಮೂರನೆಯದು: ‘ಮಂಗಳೂರು, ಉಡುಪಿಯ ಮೂರು ಸ್ಟಾಕಿಸ್ಟ್‌ಗಳು ಬಳಸುತ್ತಿದ್ದಾರೆ, ಅವರ ಜತೆ ನೀವೇ ಮಾತಾಡಬಹುದು.’ ಅವರ ಒಪ್ಪಿಗೆ ಮೊದಲೇ ಪಡೆದಿರಿ. ಕೊನೆಗೆ ಒಂದು ಪ್ರಶ್ನೆ: ‘ನಿಮ್ಮ ಗೋದಾಮಿನಲ್ಲಿ ರಾತ್ರಿ ಜನ ಇರುತ್ತಾರೆಯೇ?’ ಬ್ರೋಷರ್ ಲಗತ್ತಿಸಬೇಡಿ. ಕಣ್ಣೂರು, ಕೋಯಿಕ್ಕೋಡ್‌ಗೆ ಮಲಯಾಳಂ ಬಲ್ಲವರಿಂದ ಇದನ್ನೇ ಬರೆಸಿ. ಕಳಿಸುವುದು ಜನವರಿ, ಫೆಬ್ರವರಿಯಲ್ಲಿ, ಗೋದಾಮು ತುಂಬುವ ಮುಂಚೆ. ಜೂನ್ ಕಳೆದ ಮೇಲೆ ಇದೇ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ವಾರಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ. ಬಂದ ಉತ್ತರ ಎಷ್ಟೆಂದು ನೋಡುವುದಕ್ಕಿಂತ ಏನೆಂದು ಓದಿ. ಇಪ್ಪತ್ತೈದು ಇಮೇಲ್‌ಗೆ ಒಂದು ಬಂತೋ ಮೂರು ಬಂತೋ, ಅದರಿಂದ ಏನೂ ನಿರ್ಧಾರವಾಗುವುದಿಲ್ಲ. ‘ನಮ್ಮಲ್ಲಿ ವಾಚ್‌ಮನ್ ಇದ್ದಾನೆ’ ಎಂದು ಬಂದರೆ ಪಟ್ಟಿಯಲ್ಲಿ ತಪ್ಪು ಹೆಸರು ಸೇರಿದೆ. ‘ಜನರೇಟರ್ ಇದೆ’ ಎಂದು ಎರಡು ಮೂರು ಕಡೆಯಿಂದ ಬಂದರೆ ಹೆಸರು ಸರಿ, ವಾಕ್ಯ ಇನ್ನೂ ತಲುಪಿಲ್ಲ. ‘ಬ್ರೋಷರ್ ಕಳಿಸಿ’ ಎನ್ನುವುದು ಮರ್ಯಾದೆಯ ‘ಬೇಡ’. ‘ಎಷ್ಟಾಗ್ತದೆ?’ ಎಂದು ಒಂದೇ ಪದ ಬಂದರೂ ಸರಿಯಾದ ಮನುಷ್ಯನ ಕೈಗೆ ಸಿಕ್ಕಿದೆ. ಅಂದೇ ಫೋನ್ ಮಾಡಿ. ಯಾವ ಉತ್ತರವೂ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ವಿಳಾಸವನ್ನು. ಐವರಿಗೆ ಫೋನ್ ಮಾಡಿ, ಮೇಲ್ ನೋಡುವವರು ಯಾರು ಎಂದು ಕೇಳಿ.

ತಪ್ಪು ಜನರಿಗೆ ಕಳಿಸಿದ್ದರಿಂದ ಆಗುವ ಇನ್ನೊಂದು ಹಾನಿ ಕಣ್ಣಿಗೆ ಕಾಣುವುದಿಲ್ಲ. ಸಂಬಂಧವಿಲ್ಲದ ಮೇಲ್ ಬಂದವರು ‘ಸ್ಪ್ಯಾಮ್’ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಕಳಿಸುವವರ ಮೇಲೆ ನಿಯಮ ಬಿಗಿ ಮಾಡಿದೆ: ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು ಎನ್ನುತ್ತದೆ. ಅಂದರೆ ಸಾವಿರಕ್ಕೆ ಮೂರು. ದಿನಕ್ಕೆ 5,000ಕ್ಕೂ ಹೆಚ್ಚು ಕಳಿಸುವವರಿಗೆ ಇನ್ನೂ ಕಟ್ಟುಪಾಡುಗಳಿವೆ, ಅವು ನಿಮಗೆ ಅನ್ವಯಿಸವು. ಆದರೆ 220 ಜನರಲ್ಲಿ ಒಬ್ಬರು ಒತ್ತಿದರೂ ಲೆಕ್ಕ 0.3 ದಾಟುತ್ತದೆ. ಹೊಸ ಡೊಮೈನ್‌ಗೆ ಹೀಗೆ ಹೆಸರು ಕೆಟ್ಟರೆ ಹಳೇ ಗ್ರಾಹಕರಿಗೆ ಕಳಿಸಿದ ಬಿಲ್ಲೂ ಸ್ಪ್ಯಾಮ್‌ಗೆ ಬೀಳತೊಡಗಬಹುದು.

ಔಷಧ ವಿತರಕರನ್ನು ಕೈಬಿಡಿ ಎನ್ನುತ್ತಿಲ್ಲ. ಆದರೆ ಅವರಿಗೆ ಈ ವಾಕ್ಯ ಹೊಂದದು, ಇದನ್ನೇ ತಿರುಚಿ ಬರೆದರೂ ಆಗದು. ಲಸಿಕೆ, ತೆರೆಯದ ಇನ್ಸುಲಿನ್ ಇಡುವುದು 2ರಿಂದ 8 ಡಿಗ್ರಿ ನಡುವೆ. ಬಿಸಿಯಾದರೂ ಕೆಡುತ್ತದೆ. ಇನ್ಸುಲಿನ್ ಮತ್ತು ಹಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ, ಮತ್ತೆ ಸರಿಹೋಗುವುದಿಲ್ಲ. ಹಾಗಾಗಿ ಎಚ್ಚರಿಕೆ ಎರಡೂ ಬದಿಗೆ ಬೇಕು. ಅದಕ್ಕಿಂತ ಹೆಚ್ಚಾಗಿ ಆ ಜನ ಹಣ ಕೊಡುವುದು ಕೇಳಿದಾಗ ತೆಗೆದು ತೋರಿಸುವ ದಾಖಲೆಗೆ. ಅದು ಬೇರೆ ಗ್ರಾಹಕ, ಬೇರೆ ವಾಕ್ಯ, ಬಹುಶಃ ಬೇರೆ ಬೆಲೆ. ಐಸ್‌ಕ್ರೀಂನಲ್ಲಿ ಇನ್ನೊಂದು ಹತ್ತು ಗೋದಾಮು ಆದ ಮೇಲೆ ಇದೇ ಐದು ಅಂಕಣ ಹಿಡಿದು ಆ ಕೆಲಸಕ್ಕೆ ಕುಳಿತುಕೊಳ್ಳಿ. ಎರಡನ್ನೂ ಒಂದೇ ಇಮೇಲ್‌ನಲ್ಲಿ ಹಾಕುವ ಆಸೆ ಬರುತ್ತದೆ, ಹಾಕಬೇಡಿ. ಮೀನಿನ ಸ್ಟೋರೇಜ್‌ಗಳಲ್ಲಿ ಉಳಿದಿರುವ ಇಬ್ಬರನ್ನು ಚೆನ್ನಾಗಿ ನೋಡಿಕೊಳ್ಳಿ; ಹೊಸಬರ ಹಿಂದೆ ಸದ್ಯ ಹೋಗಬೇಡಿ.

ಕೊನೆಗೆ ಆ ಮೆಕ್ಯಾನಿಕ್ ವಿಷಯ. ನಿಮ್ಮ ಮೂವರು ಒಳ್ಳೆಯ ಗ್ರಾಹಕರನ್ನೂ ತಂದುಕೊಟ್ಟದ್ದು ಅವನು, ಮತ್ತು ನಿಮ್ಮ ಪಟ್ಟಿಯಲ್ಲಿ ಅವನ ಹೆಸರಿಗೆ ಜಾಗವೇ ಇರಲಿಲ್ಲ. ಕೋಣೆ ನಿಂತ ಬೆಳಿಗ್ಗೆ ಗೋದಾಮಿಗೆ ಮೊದಲು ಕಾಲಿಡುವವನು ಅವನೇ. ಆ ಹೊತ್ತಿಗೆ ಧಣಿಯ ಎದುರು ನಿಂತು ಅವನು ಹೇಳುವ ಒಂದು ಮಾತು ನಿಮ್ಮ ಅರವತ್ತು ಇಮೇಲ್‌ಗಿಂತ ತೂಕದ್ದು. ಅವನಿಗೆ ಆ ವಾಕ್ಯವನ್ನು ಹೇಳಿಕೊಡಿ, ಅವನು ತನ್ನ ಮಾತಿನಲ್ಲಿ ಹೇಗೆ ತಿರುಗಿಸಿ ಹೇಳುತ್ತಾನೆ ಎಂದು ಕೇಳಿ ಬರೆದುಕೊಳ್ಳಿ. ಅವನು ಬಿಟ್ಟ ಪದಗಳನ್ನು ಇಮೇಲ್‌ನಿಂದಲೂ ತೆಗೆಯಿರಿ. ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಅವನಿಗೆ ಪರಿಚಯದ ಮೆಕ್ಯಾನಿಕ್‌ಗಳು ಇದ್ದಾರೆಯೇ ಎಂದು ಕೇಳಿ. ಇದ್ದರೆ, ಆ ಊರುಗಳಿಗೆ ಮೇಲ್ ಕಳಿಸುವ ಮೊದಲು ಅವರಿಗೆ ಫೋನ್ ಮಾಡಿ.